ದಾರದ ಗಂಟು, ಮೊದಲ ಎರಡು ಸಾಲು, ಒಂದು ಪಿನ್ ಕಾಮೆಂಟ್

ನಾನು ಯೂಟ್ಯೂಬ್‌ನಲ್ಲಿ ಹೊಲಿಗೆ ಹೇಳಿಕೊಡುತ್ತೇನೆ. ಮಷಿನ್ ಕೈಕೊಟ್ಟಾಗ ಮನೆಯಲ್ಲೇ ಏನು ಮಾಡಬಹುದು ಎಂಬ ವೀಡಿಯೊಗಳೇ ಜಾಸ್ತಿ. ಅದರಲ್ಲಿ ಒಂದು ವೀಡಿಯೊದ ವಿವರಣೆಯನ್ನು ಮೂರು ಸಲ ತಿದ್ದಿ ಬರೆದೆ. ಆ ಒಂದರಲ್ಲಿ ಕಲಿತಿದ್ದನ್ನೇ ಈಗ ಎಲ್ಲ ವೀಡಿಯೊಗಳಿಗೂ ಮಾಡುತ್ತೇನೆ, ಅದಕ್ಕೇ ಅದನ್ನೇ ಹೇಳುತ್ತೇನೆ.

ವೀಡಿಯೊದ ವಿಷಯ ಇಷ್ಟು. ಹೊಲಿಯುವಾಗ ಬಟ್ಟೆಯ ಅಡಿಭಾಗದಲ್ಲಿ ದಾರ ಗುಪ್ಪೆಯಾಗಿ ಗಂಟು ಬೀಳುತ್ತದೆ. ಗಂಟು ಕೆಳಗೆ ಇರುವುದರಿಂದ ಎಲ್ಲರೂ ಕೆಳಗಿನ ದಾರದ ಉರುಳೆಯಾದ ಬಾಬಿನ್ ಮೇಲೆ ಅನುಮಾನ ಪಡುತ್ತಾರೆ. ಆದರೆ ತಪ್ಪು ಹೆಚ್ಚಾಗಿ ಮೇಲೆ ಇರುತ್ತದೆ. ಬಟ್ಟೆಯನ್ನು ಒತ್ತಿ ಹಿಡಿಯುವ ಫೂಟ್ ಕೆಳಗಿಳಿಸಿಕೊಂಡೇ ದಾರ ಪೋಣಿಸಿದರೆ, ದಾರವನ್ನು ಬಿಗಿಯಾಗಿ ಹಿಡಿಯುವ ಟೆನ್ಷನ್ ತಟ್ಟೆಗಳು ಮುಚ್ಚಿರುತ್ತವೆ, ದಾರ ಅವುಗಳ ನಡುವೆ ಕೂರುವುದಿಲ್ಲ. ಆಗ ಮೇಲಿನ ದಾರಕ್ಕೆ ಹಿಡಿತವೇ ಇಲ್ಲದೆ ಕೆಳಗೆ ಹೋಗಿ ಸುತ್ತಿಕೊಳ್ಳುತ್ತದೆ. ಫೂಟ್ ಮೇಲೆತ್ತಿ ಮತ್ತೆ ಪೋಣಿಸಿದರೆ ಬಹಳ ಸಲ ಅಲ್ಲಿಗೇ ಸರಿಹೋಗುತ್ತದೆ.

ವೀಡಿಯೊ ಚೆನ್ನಾಗಿಯೇ ಬಂದಿತ್ತು. ಶೀರ್ಷಿಕೆ "ಮೇಲಿನ ದಾರದ ಟೆನ್ಷನ್ ಸರಿ ಮಾಡುವ ವಿಧಾನ" ಎಂದಿತ್ತು. ವಿವರಣೆ ಶುರುವಾಗುತ್ತಿದ್ದದ್ದು ಹೀಗೆ: "ನಮಸ್ಕಾರ ಸ್ನೇಹಿತರೇ, ನಮ್ಮ ಚಾನೆಲ್‌ಗೆ ಸ್ವಾಗತ. ವೀಡಿಯೊ ಇಷ್ಟವಾದರೆ ಲೈಕ್ ಮಾಡಿ, ಶೇರ್ ಮಾಡಿ, ಸಬ್‌ಸ್ಕ್ರೈಬ್ ಮಾಡಿ." ಇದನ್ನು ನಾನು ಪ್ರತಿ ಸಲ ಟೈಪ್ ಮಾಡುತ್ತಿರಲಿಲ್ಲ. ಯೂಟ್ಯೂಬ್ ಸ್ಟುಡಿಯೋದ ಸೆಟ್ಟಿಂಗ್ಸ್‌ನಲ್ಲಿ ಅಪ್‌ಲೋಡ್ ಡೀಫಾಲ್ಟ್ಸ್ ಎಂಬ ಜಾಗವಿದೆ. ಅಲ್ಲಿ ಒಂದು ಸಲ ಹಾಕಿದರೆ ಹೊಸ ವೀಡಿಯೊಗಳಿಗೆಲ್ಲ ಅದೇ ಬಂದು ಕೂರುತ್ತದೆ. ಹಾಗಾಗಿ ನನ್ನ ಎಲ್ಲ ವೀಡಿಯೊಗಳ ಮೊದಲ ಸಾಲುಗಳೂ ಒಂದೇ ಆಗಿದ್ದವು. ಗುಂಡಿ ಹೊಲಿಯುವ ವೀಡಿಯೊಗೂ ಅದೇ, ದಾರದ ಗಂಟಿಗೂ ಅದೇ.

ಇದರಲ್ಲಿ ತಪ್ಪೇನು ಅಂತ ಒಂದು ದಿನ ಫೋನ್ ಹಿಡಿದು ನೋಡಿದಾಗಲೇ ಗೊತ್ತಾಗಿದ್ದು. ವಿವರಣೆಗೆ 5,000 ಅಕ್ಷರಗಳಷ್ಟು ಜಾಗ ಇದೆ. ಆದರೆ ಪೂರ್ತಿ ತೆರೆಯದಿದ್ದರೆ ಕಾಣುವುದು ಆರಂಭದ ತುಣುಕು ಮಾತ್ರ. ಕಂಪ್ಯೂಟರ್‌ನಲ್ಲಿ ಹುಡುಕಿದಾಗಲೂ ಶೀರ್ಷಿಕೆಯ ಕೆಳಗೆ ಸಣ್ಣ ತುಣುಕೊಂದೇ ಕಾಣುತ್ತದೆ. ನನ್ನ ವೀಡಿಯೊದಲ್ಲಿ ಆ ಜಾಗದಲ್ಲಿ ಇದ್ದದ್ದು ನಮಸ್ಕಾರ ಮತ್ತು ಸ್ವಾಗತ. ದಾರ ಎಂಬ ಪದ ಏಳನೇ ಸಾಲಿನಲ್ಲಿತ್ತು!

ಹೊಸದಾಗಿ ಬರೆಯಲು ಕೂತಾಗ ಮೊದಲು ಮಾಡಿದ ಕೆಲಸ, ಜನ ಈ ತೊಂದರೆಯನ್ನು ಏನೆಂದು ಕರೆಯುತ್ತಾರೆ ಎಂದು ನೋಡಿದ್ದು. ಇದಕ್ಕೆ ಎರಡು ಜಾಗಗಳಿವೆ. ಒಂದು, ಸ್ಟುಡಿಯೋದ ಅನಲಿಟಿಕ್ಸ್‌ನಲ್ಲಿ ವೀಕ್ಷಕರು ಎಲ್ಲಿಂದ ಬಂದರು ಎಂಬ ಭಾಗ. ಅಲ್ಲಿ ಯೂಟ್ಯೂಬ್ ಸರ್ಚ್ ಒತ್ತಿದರೆ ಅವರು ಟೈಪ್ ಮಾಡಿದ ಪದಗಳ ಪಟ್ಟಿ ಸಿಗುತ್ತದೆ. ಇನ್ನೊಂದು, ನನ್ನ ಹಳೆಯ ವೀಡಿಯೊಗಳ ಕಾಮೆಂಟ್‌ಗಳು. ಎರಡರಲ್ಲೂ ಟೆನ್ಷನ್ ಎಂಬ ಪದ ಕಡಿಮೆ. "ಕೆಳಗಡೆ ದಾರ ಗಂಟು ಆಗುತ್ತೆ", "ಅಕ್ಕಾ, ಅಡಿಯಲ್ಲಿ ದಾರ ಗುಪ್ಪೆ ಬರ್ತಿದೆ", "ಮಷಿನ್ ದಾರ ಸುತ್ತಿಕೊಳ್ಳುತ್ತೆ" ಹೀಗೆ. ಟೆನ್ಷನ್ ಎಂಬುದು ಉತ್ತರದ ಪದ. ತೊಂದರೆಯಲ್ಲಿ ಇರುವವರಿಗೆ ಉತ್ತರ ಗೊತ್ತಿರುವುದಿಲ್ಲ ಅಲ್ವಾ, ಅವರಿಗೆ ಕಣ್ಣಿಗೆ ಕಂಡಿದ್ದಷ್ಟೇ ಗೊತ್ತು. ನಾನು ಉತ್ತರದ ಪದದಲ್ಲಿ ಬರೆದು, ಪ್ರಶ್ನೆ ಕೇಳುವವರಿಗಾಗಿ ಕಾಯುತ್ತಿದ್ದೆ.

ಕೊನೆಗೆ ನಿಂತ ಮೊದಲ ಸಾಲುಗಳು ಇವು:

"ಹೊಲಿಯುವಾಗ ಬಟ್ಟೆಯ ಕೆಳಗಡೆ ದಾರ ಗಂಟು ಆಗ್ತಿದ್ಯಾ? ಬಾಬಿನ್ ಮುಟ್ಟುವ ಮೊದಲು ಮೇಲಿನ ದಾರವನ್ನು ಫೂಟ್ ಎತ್ತಿ ಮತ್ತೆ ಪೋಣಿಸಿ ನೋಡಿ. ಬಾಬಿನ್ ಕೇಸ್ ಇರುವ ಹೊಲಿಗೆ ಮಷಿನ್‌ನಲ್ಲಿ ಮಾಡಿ ತೋರಿಸಿದ್ದೇನೆ."

ಮೊದಲ ವಾಕ್ಯದಲ್ಲಿ ಅವರ ತೊಂದರೆ ಅವರದೇ ಮಾತಿನಲ್ಲಿದೆ. ಎರಡನೆಯದರಲ್ಲಿ ಉತ್ತರವನ್ನೇ ಕೊಟ್ಟುಬಿಟ್ಟೆ. ಇದಕ್ಕೆ ನನಗೆ ಮೊದಲು ಮನಸ್ಸಾಗಿರಲಿಲ್ಲ. ಉತ್ತರ ಓದಿದವರು ವೀಡಿಯೊ ಯಾಕೆ ನೋಡುತ್ತಾರೆ ಎಂಬ ಭಯ. ಆದರೆ ದಾರ ತಟ್ಟೆಯ ನಡುವೆ ಕೂತಿದೆಯೋ ಇಲ್ಲವೋ ಎಂದು ಕೈಯಿಂದ ಎಳೆದು ನೋಡುವುದು ಓದಿದರೆ ಬರುವುದಿಲ್ಲ, ನೋಡಲೇಬೇಕು. ಉತ್ತರದ ಸುಳಿವು ಸಿಕ್ಕವರು "ಇವರಿಗೆ ವಿಷಯ ಗೊತ್ತಿದೆ" ಎಂದುಕೊಂಡು ಉಳಿಯುತ್ತಾರೆ ಎಂಬುದು ನನ್ನ ಅಭಿಪ್ರಾಯ. ಮೂರನೆಯ ವಾಕ್ಯ ಯಾವ ಮಷಿನ್ ಎಂದು ಹೇಳುತ್ತದೆ. ಬಾಬಿನ್ ಅನ್ನು ಮೇಲಿನಿಂದಲೇ ಇಳಿಸುವ ಮಷಿನ್ ಇರುವವರಿಗೆ ವೀಡಿಯೊದ ಅರ್ಧ ಭಾಗ ಹೊಂದುವುದಿಲ್ಲ. ಅದನ್ನು ಮೊದಲೇ ಹೇಳುವುದು ಮರ್ಯಾದೆ.

ಕನ್ನಡದಲ್ಲಿ ಒಂದು ತೊಡಕಿದೆ. ಮಷಿನ್, ಮಶೀನ್, ಮಿಷನ್ ಎಂದು ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ. ಬಹಳ ಜನ ಇಂಗ್ಲಿಷ್ ಅಕ್ಷರದಲ್ಲಿ `holige machine dara gantu` ಎಂದೇ ಹುಡುಕುತ್ತಾರೆ. ಎರಡನೇ ಸಲ ತಿದ್ದಿದಾಗ ನಾನು ಈ ರೂಪಗಳನ್ನೆಲ್ಲ ವಿವರಣೆಯ ಕೊನೆಯಲ್ಲಿ ಅಲ್ಪವಿರಾಮ ಹಾಕಿ ಸಾಲಾಗಿ ಸುರಿದಿದ್ದೆ. ಆಮೇಲೆ ನಿಯಮ ಓದಿದಾಗ ಗೊತ್ತಾಯಿತು, ವಿವರಣೆಯಲ್ಲಿ ಹೀಗೆ ಟ್ಯಾಗ್‌ಗಳ ರಾಶಿ ಹಾಕುವುದಕ್ಕೆ ಯೂಟ್ಯೂಬ್ ಒಪ್ಪುವುದಿಲ್ಲ, ವೀಡಿಯೊವನ್ನೇ ತೆಗೆದುಹಾಕಬಹುದು. ಅದೇ ದಿನ ಅಳಿಸಿದೆ. ತಪ್ಪು ಕಾಗುಣಿತಗಳಿಗೆ ಟ್ಯಾಗ್ ಪೆಟ್ಟಿಗೆಯೇ ಬೇರೆ ಇದೆ, 500 ಅಕ್ಷರಗಳವರೆಗೆ ಹಿಡಿಯುತ್ತದೆ. ಹುಡುಕಾಟದಲ್ಲಿ ಟ್ಯಾಗ್‌ಗಳ ಪಾತ್ರ ತೀರಾ ಸಣ್ಣದು, ಪದವನ್ನು ಜನ ತಪ್ಪಾಗಿ ಬರೆಯುವ ಸಾಧ್ಯತೆ ಇದ್ದಾಗ ಉಪಯೋಗ ಎಂದು ಯೂಟ್ಯೂಬ್ ತಾನೇ ಹೇಳುತ್ತದೆ. ಈಗ ಅಲ್ಲಿ ಕಾಗುಣಿತದ ರೂಪಗಳನ್ನು ಹಾಕುತ್ತೇನೆ. ಇಂಗ್ಲಿಷ್ ಅಕ್ಷರದ ರೂಪವನ್ನು ಒಂದು ಪೂರ್ತಿ ವಾಕ್ಯವಾಗಿ ವಿವರಣೆಯ ಎರಡನೇ ಪ್ಯಾರಾದಲ್ಲಿ ಬರೆಯುತ್ತೇನೆ.

ಲೈಕ್, ಸಬ್‌ಸ್ಕ್ರೈಬ್ ಮಾತು ಈಗ ತೀರಾ ಕೆಳಗಿದೆ. ಡೀಫಾಲ್ಟ್ ಪಠ್ಯದ ಮೇಲೆ ಖಾಲಿ ಜಾಗ ಬಿಟ್ಟು "ಇಲ್ಲಿ ತೊಂದರೆ ಬರೆ" ಎಂದು ನನಗೇ ಒಂದು ಗುರುತು ಹಾಕಿಕೊಂಡಿದ್ದೇನೆ.

ಹ್ಯಾಶ್‌ಟ್ಯಾಗ್ ವಿಷಯದಲ್ಲಿ ಮೊದಲು ನನಗೆ ಅತಿಯಾಸೆ ಇತ್ತು, ಹದಿನೈದು ಹಾಕುತ್ತಿದ್ದೆ. ಸರಿ, 60ಕ್ಕಿಂತ ಹೆಚ್ಚಾದರೆ ಯೂಟ್ಯೂಬ್ ಎಲ್ಲವನ್ನೂ ಲೆಕ್ಕದಿಂದ ಬಿಡುತ್ತದೆ, ಹದಿನೈದು ಅಷ್ಟೇನೂ ಅಲ್ಲ. ಆದರೆ ಶೀರ್ಷಿಕೆಯ ಹತ್ತಿರ ಕಾಣುವುದು ಹೆಚ್ಚೆಂದರೆ ಮೂರು. ಹದಿನೈದು ಹಾಕಿದರೆ ಯಾವ ಮೂರು ಕಾಣಬೇಕು ಎಂಬುದು ನನ್ನ ಕೈಯಲ್ಲಿ ಇರುವುದಿಲ್ಲ. ಅದಕ್ಕೆ ಈಗ ಮೂರೇ ಹಾಕುತ್ತೇನೆ: #ಹೊಲಿಗೆಮಷಿನ್ #ಮಷಿನ್ರಿಪೇರಿ #ಹೊಲಿಗೆಕಲಿಯಿರಿ. ಒಂದು ವಸ್ತುವಿಗೆ, ಒಂದು ಕೆಲಸಕ್ಕೆ, ಒಂದು ನೋಡುವವರಿಗೆ.

ಹ್ಯಾಶ್‌ಟ್ಯಾಗ್‌ನಲ್ಲಿ ಖಾಲಿ ಜಾಗ ಬಿಡುವಂತಿಲ್ಲ. ನಾನು ಉತ್ಸಾಹದಲ್ಲಿ #ಕೆಳಗಡೆದಾರಗಂಟಾಗುವುದು ಎಂದು ಒಂದನ್ನು ಕಟ್ಟಿದ್ದೆ. ಒಂದೇ ಉಸಿರಿನಲ್ಲಿ ಓದಲೂ ಆಗದು, ಅದನ್ನು ಒತ್ತಿ ನೋಡಿದರೆ ಆ ಪುಟದಲ್ಲಿ ನನ್ನ ವೀಡಿಯೊ ಒಂದೇ. ತೊಂದರೆಯ ಪೂರ್ತಿ ವಾಕ್ಯಕ್ಕೆ ಜಾಗ ಮೊದಲ ಸಾಲು, ಹ್ಯಾಶ್‌ಟ್ಯಾಗ್‌ಗೆ ಎರಡು ಪದ ಸಾಕು. ಇನ್ನೊಂದು ಅಭ್ಯಾಸ: ಪ್ರಕಟಿಸಿದ ತಕ್ಷಣ ಮೂರನ್ನೂ ಬೆರಳಿಂದ ಒತ್ತಿ ನೋಡುತ್ತೇನೆ. ಪೂರ್ತಿ ಪದ ಲಿಂಕ್ ಆಗಿದೆಯಾ, ತೆರೆದ ಪುಟದಲ್ಲಿ ಇರುವುದು ಹೊಲಿಗೆಯ ವೀಡಿಯೊಗಳೇನಾ ಅಂತ. ಒಮ್ಮೆ ಒಂದು ಸಾಮಾನ್ಯ ಪದ ಹಾಕಿದ್ದೆ, ಒತ್ತಿದರೆ ಸಂಬಂಧವೇ ಇಲ್ಲದ ಪುಟ. ನನ್ನ ವೀಕ್ಷಕರನ್ನು ನಾನೇ ಅಲ್ಲಿಗೆ ಕಳಿಸುತ್ತಿದ್ದೆ.

ಇನ್ನು ಪಿನ್ ಮಾಡುವ, ಅಂದರೆ ಎಲ್ಲಕ್ಕಿಂತ ಮೇಲೆ ನಿಲ್ಲಿಸುವ ಕಾಮೆಂಟ್. ವಿವರಣೆಯನ್ನು ನಾನು ಹುಡುಕಿಕೊಂಡು ಬರುವವರಿಗೆ ಬರೆಯುತ್ತೇನೆ, ಕಾಮೆಂಟನ್ನು ನೋಡಿ ಮುಗಿಸಿದವರಿಗೆ. ಅದನ್ನು ಯಾಕೆ ಹೀಗೆ ಬೇರೆ ಮಾಡಿದೆ ಎಂಬುದಕ್ಕೆ ನಾನು ಮಾಡಿದ ಒಂದು ತಪ್ಪೇ ಕಾರಣ.

ವೀಡಿಯೊದ 4:10ರಲ್ಲಿ ನಾನು "ಇಷ್ಟಾದರೂ ಸರಿಹೋಗದಿದ್ದರೆ ಬಾಬಿನ್ ಕೇಸ್‌ನ ಸ್ಕ್ರೂ ಸ್ವಲ್ಪ ಸಡಿಲ ಮಾಡಿ" ಎಂದಿದ್ದೆ. ಎಷ್ಟು ಸ್ವಲ್ಪ ಎಂದು ಹೇಳಿರಲಿಲ್ಲ. ಆ ಸ್ಕ್ರೂ ತೀರಾ ಸಣ್ಣದು, ಕಾಲು ಸುತ್ತಿಗಿಂತ ಕಡಿಮೆ ತಿರುಗಿಸಿದರೂ ವ್ಯತ್ಯಾಸ ಕಾಣುತ್ತದೆ. ಜಾಸ್ತಿ ತಿರುಗಿಸಿದರೆ ಕಳಚಿ ಬಿದ್ದೇ ಹೋಗುತ್ತದೆ. ಒಬ್ಬರು ಬರೆದರು: "ಅಕ್ಕಾ, ನೀವು ಹೇಳಿದಂಗೆ ಸಡಿಲ ಮಾಡಿದೆ, ಸ್ಕ್ರೂ ಬಿದ್ದು ಕಾಣೆಯಾಯ್ತು." ನನಗೆ ಬಹಳ ಬೇಜಾರಾಯಿತು. ಅದಕ್ಕಿಂತ ದೊಡ್ಡ ತಪ್ಪೂ ಇತ್ತು. ಮೇಲಿನ ದಾರಕ್ಕೆ ಹಿಡಿತವೇ ಇಲ್ಲದಿದ್ದಾಗ ಬಾಬಿನ್ ದಾರ ಸಡಿಲ ಮಾಡಿದರೆ ಕೆಳಗಿನ ಗಂಟು ಹೋಗುವುದಿಲ್ಲ, ಮೇಲಿನ ದಾರಕ್ಕೆ ಹಿಡಿತ ಬರಬೇಕು. ಮಾತಿನ ಭರದಲ್ಲಿ ತಪ್ಪು ಜಾಗ ಹೇಳಿದ್ದೆ.

ಪ್ರಕಟವಾದ ವೀಡಿಯೊದಲ್ಲಿ ಮಾತು ಬದಲಿಸಲು ಆಗುವುದಿಲ್ಲ. ಆಗ ಬರೆದು ಪಿನ್ ಮಾಡಿದ್ದು ಇದು:

"ತಿದ್ದುಪಡಿ: 4:10ರಲ್ಲಿ ಬಾಬಿನ್ ಸ್ಕ್ರೂ ಸಡಿಲ ಮಾಡಿ ಎಂದಿದ್ದೇನೆ, ಅದು ತಪ್ಪು, ದಯವಿಟ್ಟು ಮುಟ್ಟಬೇಡಿ. ಫೂಟ್ ಎತ್ತಿ ಮತ್ತೆ ಪೋಣಿಸಿದ ಮೇಲೂ ಗಂಟು ಬಂದರೆ ಮೇಲಿನ ಟೆನ್ಷನ್ ಸ್ವಲ್ಪ ಸ್ವಲ್ಪವೇ ಬಿಗಿ ಮಾಡುತ್ತಾ ಬೇರೆ ಬಟ್ಟೆ ತುಂಡಿನ ಮೇಲೆ ಹೊಲಿದು ನೋಡಿ. ಸರಿಹೋಗದಿದ್ದರೆ ನಿಮ್ಮದು ಯಾವ ಥರದ ಮಷಿನ್, ಗಂಟು ಮೊದಲ ಹೊಲಿಗೆಯಲ್ಲೇ ಬರುತ್ತಾ ಅಥವಾ ಮಧ್ಯದಲ್ಲಾ ಎಂದು ಕೆಳಗೆ ಬರೆಯಿರಿ."

ಮೊದಲ ಪದವೇ ತಿದ್ದುಪಡಿ ಆಗಿರುವುದು ಬೇಕೆಂದೇ. ಫೋನ್‌ನಲ್ಲಿ ಕಾಮೆಂಟ್ ಪೆಟ್ಟಿಗೆ ತೆರೆಯುವ ಮೊದಲು ಒಂದೆರಡು ಸಾಲು ಮಾತ್ರ ಇಣುಕುತ್ತದೆ. ಧನ್ಯವಾದದಿಂದ ಶುರು ಮಾಡಿದ್ದರೆ ಎಚ್ಚರಿಕೆ ಒಳಗೆ ಅಡಗುತ್ತಿತ್ತು. 4:10 ಎಂದು ಬರೆದರೆ ಅದು ತಾನಾಗಿ ಲಿಂಕ್ ಆಗುತ್ತದೆ, ಒತ್ತಿದರೆ ಆ ಜಾಗಕ್ಕೇ ಹೋಗುತ್ತದೆ. ಕೊನೆಯ ಪ್ರಶ್ನೆಯನ್ನೂ ಸುಮ್ನೆ ಹಾಕಿದ್ದಲ್ಲ. ಮೊದಲ ಹೊಲಿಗೆಯಲ್ಲೇ ಗಂಟು ಬಂದರೆ ಬಹಳ ಸಲ ಶುರುವಿನಲ್ಲಿ ದಾರದ ತುದಿಗಳನ್ನು ಹಿಂದಕ್ಕೆ ಎಳೆದು ಹಿಡಿದಿರುವುದಿಲ್ಲ. "ಸರಿಹೋಗ್ತಿಲ್ಲ ಅಕ್ಕಾ" ಎಂದಷ್ಟೇ ಬರೆದರೆ ನಾನು ನಾಲ್ಕು ಸಲ ತಿರುಗಿ ಕೇಳಬೇಕಾಗಿತ್ತು. ಈಗ ಮೊದಲ ಕಾಮೆಂಟ್‌ನಲ್ಲೇ ಬೇಕಾದ ವಿವರ ಬರುತ್ತದೆ.

ಪಿನ್ ಮಾಡುವುದು ಸುಲಭ. ಕಾಮೆಂಟಿನ ಪಕ್ಕದ ಮೂರು ಚುಕ್ಕೆ ಒತ್ತಿದರೆ ಪಿನ್ ಸಿಗುತ್ತದೆ. ಒಂದು ವೀಡಿಯೊಗೆ ಒಂದೇ ಪಿನ್, ಹೊಸದನ್ನು ಮಾಡಿದರೆ ಹಳೆಯದರ ಜಾಗಕ್ಕೆ ಅದು ಬರುತ್ತದೆ. ಹೀಗೇ ಒಮ್ಮೆ, ಬಹಳ ಚೆನ್ನಾಗಿ ಹೊಗಳಿ ಬರೆದವರೊಬ್ಬರ ಕಾಮೆಂಟನ್ನು ಪ್ರೀತಿಯಿಂದ ಪಿನ್ ಮಾಡಿ, ತಿದ್ದುಪಡಿ ಕೆಳಗೆ ಜಾರಿದ್ದು ಎರಡು ದಿನ ಗೊತ್ತೇ ಆಗಿರಲಿಲ್ಲ. ವೀಡಿಯೊವನ್ನು ಮುಂದಿನ ಸಮಯಕ್ಕೆ ಶೆಡ್ಯೂಲ್ ಮಾಡುವವರು ಇನ್ನೊಂದು ನೆನಪಿಡಬೇಕು: ಅಲ್ಲಿಯವರೆಗೆ ಅದು ಪ್ರೈವೇಟ್ ಆಗಿರುವುದರಿಂದ ಕಾಮೆಂಟ್ ಹಾಕಲು ಆಗುವುದಿಲ್ಲ. ನಾನು ಕಾಮೆಂಟನ್ನು ಮೊದಲೇ ಬರೆದಿಟ್ಟುಕೊಂಡು, ಪ್ರಕಟವಾಗುವ ಹೊತ್ತಿಗೆ ಅಲಾರಂ ಇಡುತ್ತೇನೆ.

ಇಷ್ಟರಿಂದ ಏನಾಯಿತು? ಕೆಲವು ವಾರ ಶೀರ್ಷಿಕೆಯನ್ನು ಮುಟ್ಟದೆ ವಿವರಣೆ ಮಾತ್ರ ಬದಲಿಸಿ ನೋಡಿದೆ. ಸರ್ಚ್ ಪಟ್ಟಿಯಲ್ಲಿ "ದಾರ ಗಂಟು" ಎಂಬ ಪದಗಳು ನಿಧಾನಕ್ಕೆ ಕಾಣಿಸಿಕೊಂಡವು. ನೋಡುವವರೇನೂ ದಿಢೀರನೆ ಹೆಚ್ಚಲಿಲ್ಲ. ಆಮೇಲೆ ಶೀರ್ಷಿಕೆಯನ್ನೂ "ಕೆಳಗಡೆ ದಾರ ಗಂಟು ಆಗುತ್ತಾ? ಮೊದಲು ಇದನ್ನು ನೋಡಿ" ಎಂದು ಬದಲಿಸಿದಾಗ ಹೆಚ್ಚು ವ್ಯತ್ಯಾಸ ಕಂಡೆ. ಶೀರ್ಷಿಕೆ ಮತ್ತು ಥಂಬ್‌ನೇಲ್ ಒಂದು ಹೇಳಿ ವಿವರಣೆ ಇನ್ನೊಂದು ಹೇಳಿದರೆ ವಿವರಣೆಯ ಕೈಯಲ್ಲಿ ಹೆಚ್ಚೇನೂ ಆಗದು. ಕಾಮೆಂಟ್‌ಗಳಲ್ಲಿ ಮಾತ್ರ ಬದಲಾವಣೆ ಬೇಗ ತಿಳಿಯಿತು. "ಯಾವ ಮಷಿನ್ ಅಕ್ಕಾ ಇದು" ಎಂಬ ಪ್ರಶ್ನೆ ಹೆಚ್ಚುಕಡಿಮೆ ನಿಂತಿತು. ಪಿನ್ ಕಾಮೆಂಟಿನ ಅಡಿಯಲ್ಲಿ ಈಗ ವೀಕ್ಷಕರೇ ಒಬ್ಬರಿಗೊಬ್ಬರು ಉತ್ತರ ಕೊಡುತ್ತಿದ್ದಾರೆ. ಮೊನ್ನೆ ಒಬ್ಬರು, ಮಷಿನ್ ಒಳಗೆ ಸಿಕ್ಕಿಕೊಂಡ ದಾರದ ಚೂರು ತೆಗೆದ ಮೇಲೆ ತಮ್ಮದು ಸರಿಹೋಯಿತು ಎಂದು ಬರೆದಿದ್ದರು. ಅದನ್ನೂ ಪಿನ್ ಕಾಮೆಂಟಿಗೆ ಒಂದು ಸಾಲಾಗಿ ಸೇರಿಸಿದೆ.