ಘಾಟಿಯಲ್ಲಿ ಮೊದಲು ಯಾರು? ಎಲ್‌ಎಲ್‌ಆರ್ ಪರೀಕ್ಷೆಯಲ್ಲಿ ಕೈಕೊಡುವ ಪ್ರಶ್ನೆಗಳು

ಕಡಿದಾದ, ಅಗಲ ಸಾಲದ ರಸ್ತೆ. ಒಂದು ಗಾಡಿ ಹತ್ತುತ್ತಿದೆ, ಇನ್ನೊಂದು ಇಳಿಯುತ್ತಿದೆ. ದಾರಿ ಯಾರಿಗೆ? ಎಲ್‌ಎಲ್‌ಆರ್ ಪರೀಕ್ಷೆಯ ಪರದೆಯಲ್ಲಿ ಈ ಪ್ರಶ್ನೆ ಬಂದರೆ ‘ಇಳಿಯುವ ವಾಹನಕ್ಕೆ’ ಅಥವಾ ‘ಭಾರದ ವಾಹನಕ್ಕೆ’ ಎಂದು ಒತ್ತುವವರು ಚಿಕ್ಕಮಗಳೂರು, ಸಕಲೇಶಪುರದ ಕಡೆಯವರಲ್ಲೂ ಇದ್ದಾರೆ. ದಿನಾ ಘಾಟಿ ನೋಡಿದವರಿಗೇ ಇದು ತಪ್ಪುವುದಕ್ಕೆ ಕಾರಣವಿದೆ: ರಸ್ತೆಯಲ್ಲಿ ಕಾಣುವುದು ದೊಡ್ಡ ಗಾಡಿಯ ಜೋರು, ಪರೀಕ್ಷೆ ಕೇಳುವುದು ನಿಯಮ. ಸರಿಯುತ್ತರ, ಹತ್ತುವ ವಾಹನಕ್ಕೆ. ಇಳಿಯುವವರು ಪಕ್ಕಕ್ಕೆ ಸರಿದು ನಿಲ್ಲಬೇಕು.

ಇದರ ಹಿಂದಿನ ಲೆಕ್ಕ ತಿಳಿದರೆ ಉತ್ತರ ಮರೆಯುವುದಿಲ್ಲ. ಮುಳ್ಳಯ್ಯನಗಿರಿ ರಸ್ತೆಯ ಕಿರಿದಾದ ತಿರುವೊಂದರಲ್ಲಿ ಫಸ್ಟ್ ಗೇರಿನಲ್ಲಿ ಏರುತ್ತಿರುವ ಕಾರನ್ನು ಯೋಚಿಸಿ. ಅದು ನಿಂತರೆ ಮತ್ತೆ ಹೊರಡಲು ಹ್ಯಾಂಡ್‌ಬ್ರೇಕ್ ಬಿಡುವುದು, ಕ್ಲಚ್ ಹಿಡಿತಕ್ಕೆ ತರುವುದು, ಆಕ್ಸಿಲರೇಟರ್ ಕೊಡುವುದು ಮೂರೂ ಒಟ್ಟಿಗೆ ಕೂಡಿಬರಬೇಕು. ಸ್ವಲ್ಪ ತಪ್ಪಿದರೂ ಗಾಡಿ ಹಿಂದಕ್ಕೆ ಜಾರುತ್ತದೆ, ಹಿಂದೆ ಇನ್ನೊಬ್ಬರು ಇರುತ್ತಾರೆ. ಇಳಿಯುತ್ತಿರುವ ಗಾಡಿ ನಿಧಾನವಾಗಿದ್ದರೆ ಅದಕ್ಕೆ ಈ ಪೇಚಿಲ್ಲ: ಬ್ರೇಕ್ ಒತ್ತಿ ನಿಲ್ಲುತ್ತದೆ, ಬ್ರೇಕ್ ಬಿಟ್ಟರೆ ಹೊರಡುತ್ತದೆ. ಹೊರಡಲು ಯಾರಿಗೆ ಕಷ್ಟವೋ ಅವರಿಗೆ ದಾರಿ.

ಇದರ ಜೊತೆಗೇ ಬರುವ ಪ್ರಶ್ನೆ, ಇಳಿಜಾರಿನಲ್ಲಿ ಯಾವ ಗೇರ್? ಪೆಟ್ರೋಲ್ ಉಳಿಯುತ್ತದೆಂದು ನ್ಯೂಟ್ರಲ್ ಮಾಡುವ ಚಾಳಿಯವರು ಅದನ್ನೇ ಒತ್ತುತ್ತಾರೆ. ಏರಲು ಬಳಸುವ ಗೇರಿನಲ್ಲೇ ಇಳಿಯಬೇಕು ಎಂಬುದು ಉತ್ತರ. ಎಂಜಿನ್ನೇ ಗಾಡಿಯನ್ನು ಹಿಡಿದಿಡುವುದರಿಂದ ಬ್ರೇಕ್ ಕಾದು ಹಿಡಿತ ಕಳೆದುಕೊಳ್ಳುವುದಿಲ್ಲ. ಜಾರುವ ರಸ್ತೆಯ ಫಲಕ ಕಂಡಾಗ ಏನು ಮಾಡಬೇಕು ಎಂಬುದಕ್ಕೂ ‘ಬ್ರೇಕ್ ಹಾಕಿ’ ಉತ್ತರವಲ್ಲ, ‘ಗೇರ್ ಬದಲಿಸಿ ವೇಗ ತಗ್ಗಿಸಿ’ ಉತ್ತರ. ಮಳೆಗಾಲದ ಚಾರ್ಮಾಡಿಯಲ್ಲಿ ಗಟ್ಟಿ ಬ್ರೇಕ್ ಒತ್ತಿದರೆ ಚಕ್ರ ಲಾಕ್ ಆಗಿ ಗಾಡಿ ಅಡ್ಡ ತಿರುಗಬಹುದು.

ಇನ್ನು ಸಿಗ್ನಲ್ಲೂ ಪೊಲೀಸರೂ ಇಲ್ಲದ ಕೂಡುರಸ್ತೆ. ಹಾಸನದ ಯಾವುದೋ ಬಡಾವಣೆಯ ನಾಲ್ಕು ದಾರಿ ಎಂದುಕೊಳ್ಳಿ, ನಾಲ್ಕೂ ಒಂದೇ ದರ್ಜೆಯವು. ನೀವು ನೇರ ಹೋಗಬೇಕು. ನಿಮ್ಮ ಬಲಗಡೆಯಿಂದ ಒಂದು ಸ್ಕೂಟರ್, ಎಡಗಡೆಯಿಂದ ಒಂದು ಬಸ್, ಎರಡೂ ನೇರ ಹೋಗುವವೇ. ಮನಸ್ಸು ಮೊದಲು ಬಸ್ಸಿಗೆ ಜಾಗ ಬಿಡುತ್ತದೆ. ನಿಯಮದ ಪ್ರಕಾರ ಬಲಗಡೆಯಿಂದ ಬರುವವರಿಗೆ ದಾರಿ ಕೊಡಬೇಕು. ಸ್ಕೂಟರಿನವರ ಬಲಗಡೆ ಯಾರೂ ಇಲ್ಲ, ಹಾಗಾಗಿ ಅವರು ಮೊದಲು. ನಿಮ್ಮ ಬಲಗಡೆ ಸ್ಕೂಟರ್ ಇದೆ, ನೀವು ಎರಡನೆಯವರು. ಬಸ್ಸಿನ ಬಲಗಡೆ ನೀವಿದ್ದೀರಿ, ಆದ್ದರಿಂದ ಬಸ್ ಕೊನೆಗೆ. ಚಿತ್ರ ಬಂದಾಗ ಪ್ರತಿ ಗಾಡಿಯ ಸೀಟಿನಲ್ಲಿ ಕೂತಂತೆ ಅದರ ಬಲಗಡೆ ನೋಡಿ. ಯಾರ ಬಲ ಖಾಲಿಯೋ ಅವರು ಮೊದಲು.

ಒಂದು ದಾರಿ ಮುಖ್ಯರಸ್ತೆ ಎಂದಿದ್ದರೆ ಈ ಲೆಕ್ಕ ಬಿಡಿ. ಅಡ್ಡರಸ್ತೆಯಿಂದ ಮುಖ್ಯರಸ್ತೆಗೆ ಬರುವವರು ಎಡಬಲ ಎರಡೂ ಕಡೆಯವರಿಗೆ ದಾರಿ ಕೊಡಬೇಕು. ವೃತ್ತದಲ್ಲಿ ಈಗಾಗಲೇ ಒಳಗೆ ಸುತ್ತುತ್ತಿರುವವರು ಮೊದಲು. ನಮ್ಮಲ್ಲಿ ಅವರೂ ಬಲಗಡೆಯಿಂದಲೇ ಬರುವುದರಿಂದ ಇದರಲ್ಲಿ ಗೊಂದಲವಿಲ್ಲ. ಕಿರಿದಾದ ಸೇತುವೆಯ ಪ್ರಶ್ನೆಯಲ್ಲಿ, ಎದುರಿನ ಗಾಡಿ ಸೇತುವೆಗೆ ಇಳಿಯುತ್ತಿದೆ ಎಂದಿದ್ದರೆ ಹೆಡ್‌ಲೈಟ್ ಮಿನುಗಿಸುವುದು, ಹಾರ್ನ್ ಹೊಡೆದು ನುಗ್ಗುವುದು ಯಾವುದೂ ಸಲ್ಲ. ಅದು ದಾಟುವ ತನಕ ಕಾಯುವುದೇ ಉತ್ತರ.

ಫಲಕಗಳಲ್ಲಿ ಎಡವುವುದು ಚಿತ್ರವನ್ನು ಮೊದಲು ನೋಡುವುದರಿಂದ. ಆಕಾರ ಮೊದಲು ನೋಡಿ, ಬಣ್ಣ ಆಮೇಲೆ, ಚಿತ್ರ ಕೊನೆಗೆ. ಕೆಂಪು ಅಂಚಿನ ತ್ರಿಕೋನ ಎಚ್ಚರಿಕೆ, ವೃತ್ತ ಆಜ್ಞೆ, ನೀಲಿ ಚೌಕ ಅಥವಾ ಆಯತ ಮಾಹಿತಿ. ಹಿಂದಕ್ಕೆ ಬಾಗಿದ ಬಾಣ ತ್ರಿಕೋನದಲ್ಲಿದ್ದರೆ ಹೇರ್‌ಪಿನ್ ತಿರುವು. ಅಡ್ಡಗೆರೆ ಸಮೇತ ಕೆಂಪು ವೃತ್ತದಲ್ಲಿದ್ದರೆ ಯು ಟರ್ನ್ ನಿಷೇಧ. ಹಾರ್ನ್ ಚಿತ್ರ ನೀಲಿ ವೃತ್ತದಲ್ಲಿದ್ದರೆ ಹಾರ್ನ್ ಕಡ್ಡಾಯ. ಅಡ್ಡಗೆರೆ ಹಾಕಿದ ಕೆಂಪು ವೃತ್ತದಲ್ಲಿದ್ದರೆ ನಿಷೇಧ. ಹಾರ್ನ್ ಚಿತ್ರ ಕಂಡ ಕೂಡಲೇ ‘ನಿಷೇಧ’ ಒತ್ತುವವರಿಗೆ ಇಲ್ಲಿ ಒಂದು ಅಂಕ ಹೋಗುತ್ತದೆ.

ಕೆಂಪು ಅಂಚಿನ ನೀಲಿ ವೃತ್ತದ ಜೋಡಿಯೊಂದಿದೆ. ಒಂದೇ ಕೆಂಪು ಗೆರೆ ಇದ್ದರೆ ಪಾರ್ಕಿಂಗ್ ಇಲ್ಲ, ಆದರೆ ಜನ ಹತ್ತಿಸಿ ಇಳಿಸುವಷ್ಟು ನಿಲ್ಲಿಸಬಹುದು. ಗೆರೆಗಳು ಎಕ್ಸ್‌ನಂತೆ ದಾಟಿದ್ದರೆ ನಿಲ್ಲಿಸುವಂತೆಯೇ ಇಲ್ಲ. ಎರಡೂ ಒಂದೇ ಎಂದುಕೊಂಡು ಪರದೆಯಲ್ಲಿ ಮೊದಲು ಕಂಡದ್ದನ್ನು ಒತ್ತುವುದು ಬೇಡ, ಗೆರೆ ಎಣಿಸಿ. ಅಳತೆಯ ಫಲಕಗಳಲ್ಲಿ ಸಂಖ್ಯೆಗಿಂತ ಬಾಣದ ಮೊನೆ ಮುಖ್ಯ: ಮೊನೆಗಳು ಎಡಬಲದಲ್ಲಿದ್ದರೆ ಅಗಲದ ಮಿತಿ, ಮೇಲೆ ಕೆಳಗೆ ಇದ್ದರೆ ಎತ್ತರದ ಮಿತಿ. ಏನೂ ಬರೆಯದ, ಕೆಂಪು ಅಂಚಿನ ಬರಿಯ ಬಿಳಿ ವೃತ್ತ ಕಂಡರೆ ‘ನಿರ್ಬಂಧ ಮುಗಿಯಿತು’ ಎಂದು ತೋರುತ್ತದೆ. ಅದು ಎರಡೂ ದಿಕ್ಕಿನಲ್ಲಿ ವಾಹನ ನಿಷೇಧ. ನಿರ್ಬಂಧ ಮುಗಿದದ್ದಕ್ಕೆ ಬಿಳಿ ವೃತ್ತದ ಮೇಲೆ ಓರೆಯಾದ ಕಪ್ಪು ಗೆರೆ ಇರುತ್ತದೆ.