‘ದೂಡಬಾರದ್ರಿ ಟೀಚರ್’: ಮಕ್ಕಳ ನಿಯಮ ಪೋಸ್ಟರ್ ಆಗುವುದು ಹೇಗೆ?

ಒಂದನೇ ತರಗತಿಯ ಮಕ್ಕಳನ್ನು ಸುತ್ತ ಕೂರಿಸಿಕೊಂಡು ‘ನಮ್ಮ ಕ್ಲಾಸಿಗೆ ಏನೇನು ನಿಯಮ ಬೇಕು?’ ಎಂದು ಕೇಳಿ. ವಿಜಯಪುರ ಕಡೆಯ ಶಾಲೆಯಾದರೆ ಉತ್ತರ ಹೀಗೆ ಬರುತ್ತದೆ: ‘ಗದ್ದಲ ಮಾಡಬಾರದ್ರಿ’, ‘ಹೊಡೀಬಾರದ್ರಿ’, ‘ನಳದ ಹತ್ರ ದೂಡಬಾರದ್ರಿ ಟೀಚರ್’. ಆಗಲೇ ತಿದ್ದಲು ಹೋಗಬೇಡಿ. ಹೇಳಿದ್ದನ್ನು ಹೇಳಿದ ಹಾಗೇ ಬೋರ್ಡ್ ಮೇಲೆ ಬರೆಯಿರಿ. ಒಂದೇ ಥರದವನ್ನು ಕೂಡಿಸಿ ನಾಲ್ಕೈದಕ್ಕೆ ಇಳಿಸಿ. ಆರು ವರ್ಷದವರಿಗೆ ಅದಕ್ಕಿಂತ ಜಾಸ್ತಿ ನೆನಪಿರುವುದಿಲ್ಲ.

‘ಮಾಡಬಾರದು’ ಅನ್ನೋದನ್ನು ‘ಮಾಡೋಣ’ ಅಂತ ಬದಲಿಸುವ ಕೆಲಸ ಮರುದಿನಕ್ಕಿರಲಿ. ನಳದ ವಿಷಯವನ್ನೇ ತೆಗೆದುಕೊಳ್ಳಿ. ಬಿಸಿಯೂಟದ ಗಂಟೆ ಹೊಡೆದರೆ ಕೈ ತೊಳೆಯಲು ಎಲ್ಲರೂ ಒಮ್ಮೆಲೇ ಓಡುತ್ತಾರೆ. ‘ದೂಡಬಾರದು’ ಅಂದರೆ ಏನು ಬಿಡಬೇಕು ಅನ್ನೋದು ಮಗುವಿಗೆ ಗೊತ್ತಾಗುತ್ತದೆ. ಆದರೆ ಎಲ್ಲಿ ನಿಲ್ಲಬೇಕು, ಮುಂದಿನವನಿಂದ ಎಷ್ಟು ದೂರ ಇರಬೇಕು, ಅದು ಗೊತ್ತಾಗುವುದಿಲ್ಲ. ಅದಕ್ಕೇ ‘ದೂಡೋದು ಬಿಟ್ಟು ಮತ್ತೇನು ಮಾಡೋಣ?’ ಎಂದು ಕೇಳಿ. ‘ಪಾಳಿ ಹಚ್ಚೋಣ್ರಿ’ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ.

ಇಲ್ಲಿ ನಮ್ಮ ಕೈ ಸುಮ್ನಿರುವುದಿಲ್ಲ. ‘ಶಿಸ್ತಿನಿಂದ ಇರೋಣ’ ಎಂದು ಬರೆದುಬಿಡುತ್ತೇವೆ. ಕೇಳಲು ಚೆಂದ, ಕೆಲಸಕ್ಕೆ ಬಾರದು. ಪರೀಕ್ಷೆ ಸುಲಭ: ಮೂವರು ಮಕ್ಕಳನ್ನು ಕರೆದು ‘ಮಾಡಿ ತೋರಿಸು’ ಅನ್ನಿ. ಒಬ್ಬಳು ಕೈ ಕಟ್ಟುತ್ತಾಳೆ, ಇನ್ನೊಬ್ಬ ತುಟಿಗೆ ಬೆರಳಿಡುತ್ತಾನೆ, ಮತ್ತೊಬ್ಬ ನಿಮ್ಮ ಮುಖ ನೋಡುತ್ತಾನೆ. ಮೂವರೂ ಬೇರೆ ಬೇರೆ ಮಾಡಿದರೆ ಆ ನಿಯಮ ಇನ್ನೂ ಸರಿಯಾಗಿಲ್ಲ. ‘ಪಾಳಿ ಬರೋತನಕ ಸಾಲಾಗಿ ನಿಲ್ಲೋಣ’ ಎಂದು ಬದಲಿಸಿ ಮತ್ತೆ ಕೇಳಿ. ಈಗ ಮೂವರೂ ಒಬ್ಬರ ಹಿಂದೆ ಒಬ್ಬರು ನಿಲ್ಲುತ್ತಾರೆ. ಗದ್ದಲದ ನಿಯಮ ಹೀಗೇ ‘ಒಬ್ಬರು ಮಾತಾಡುವಾಗ ಉಳಿದವರು ಕೇಳೋಣ’ ಆಗುತ್ತದೆ. ಹೊಡೆಯುವುದಕ್ಕೆ ‘ಸಿಟ್ಟು ಬಂದರೆ ಟೀಚರ್‌ಗೆ ಹೇಳೋಣ’. ಬದಲಿಸಿದ ಮೇಲೆ ಮೊದಲು ಹೇಳಿದ ಮಗುವನ್ನೇ ‘ನೀನು ಹೇಳಿದ್ದು ಇದೇ ಅಲ್ವಾ?’ ಎಂದು ಕೇಳಿ. ಮಗು ತಲೆಯಾಡಿಸದಿದ್ದರೆ ಆ ನಿಯಮ ನಿಮ್ಮದಾಗಿದೆ, ಅವರದಲ್ಲ.

ಅಪಾಯದ ಮಾತಿಗೆ ಮಾತ್ರ ಈ ಕಸರತ್ತು ಬೇಡ. ಕರೆಂಟಿನ ಬೋರ್ಡ್ ಪಕ್ಕ ‘ಮುಟ್ಟಬೇಡ’ ಅಂತಲೇ ಇರಲಿ.

ಇನ್ನು ಪೋಸ್ಟರ್. ಒಂದೊಂದು ನಿಯಮಕ್ಕೆ ಒಂದೊಂದು ಕಾರ್ಡ್ ಮಾಡಿ ದೊಡ್ಡ ಡ್ರಾಯಿಂಗ್ ಶೀಟಿಗೆ ಅಂಟಿಸಿ. ನೇರ ಶೀಟಿನ ಮೇಲೇ ಬರೆದರೆ ಮುಂದೆ ಒಂದನ್ನು ಬದಲಿಸಲು ಇಡೀ ಹಾಳೆ ಹರಿಯಬೇಕಾಗುತ್ತದೆ. ಜೂನ್‌ನಲ್ಲಿ ಒಂದನೇ ತರಗತಿಯ ಹೆಚ್ಚಿನವರಿಗೆ ಓದಲು ಬರುವುದಿಲ್ಲ. ಅದಕ್ಕೆ ಅಕ್ಷರಕ್ಕಿಂತ ಚಿತ್ರ ದೊಡ್ಡದಿರಲಿ: ನಳ, ಅದರ ಮುಂದೆ ಸಾಲಾಗಿ ನಿಂತ ಮಕ್ಕಳು. ಮಕ್ಕಳೇ ಬಿಡಿಸಲಿ. ದೂಡಾಟದ ಚಿತ್ರ ಬಿಡಿಸಿ ಮೇಲೆ ಕೆಂಪು ಗೆರೆ ಎಳೆಯುವುದು ಬೇಡ, ಮಕ್ಕಳ ಕಣ್ಣು ದೂಡಾಟದ ಮೇಲೇ ಹೋಗುತ್ತದೆ. ಕೆಳಗೆ ಎಲ್ಲರೂ ಬಣ್ಣದ ಕೈ ಅಚ್ಚು ಒತ್ತಲಿ.

ಪೋಸ್ಟರನ್ನು ನೆಲದಿಂದ ಮೂರು, ಮೂರೂವರೆ ಅಡಿ ಎತ್ತರಕ್ಕೆ, ಅವರ ಕಣ್ಣಿನ ಮಟ್ಟಕ್ಕೆ ತೂಗುಹಾಕಿ. ಮೊದಲ ಎರಡು ವಾರ ಊಟಕ್ಕೆ ಹೊರಡುವ ಮುಂಚೆ ನಳದ ಕಾರ್ಡ್ ಮುಟ್ಟಿ ತೋರಿಸಿ, ಒಮ್ಮೆ ಸಾಲು ಮಾಡಿಸಿ. ಯಾರಾದರೂ ದೂಡಿದರೆ ಬೈಯುವ ಬದಲು ‘ಯಾವ ಚಿತ್ರ ಮರೆತೆ?’ ಎಂದು ಕೇಳಿ. ದಸರಾ ರಜೆ ಮುಗಿಸಿ ಬಂದಾಗ ರೂಢಿಯಾದ ಕಾರ್ಡ್ ತೆಗೆದು, ಆಗ ಬೇಕೆನಿಸಿದ್ದನ್ನು ಆ ಜಾಗದಲ್ಲಿ ಅಂಟಿಸಿ.