ಆರು ಮೀಟರ್ ಬೀಮ್, ನಾಲ್ಕು ವಾರ ಆಸರೆ ಕಂಬ

ಗದಗದ ಆ ಮನೆ ನನಗೆ ದುಬಾರಿ ಪಾಠ ಕಲಿಸಿತು. ಹಾಲ್ ಮೇಲೆ 6 ಮೀಟರ್ ಬೀಮ್, ಆಳ 15 ಇಂಚು, ಅದರ ಮೇಲೆ ಇಟ್ಟಂಗಿ ಗೋಡೆ. ಬಾಡಿಗೆ ಉಳಿಸಲು ಹತ್ತು ದಿನಕ್ಕೇ ಬೀಮ್ ಕೆಳಗಿನ ಆಸರೆ ಕಂಬ ತೆಗೆಸಿದ್ದೆ. ಮೊದಲ ವರ್ಷ ಏನೂ ಕಾಣಲಿಲ್ಲ. ನಾಲ್ಕನೇ ವರ್ಷ ಗೋಡೆ ಓರೆಯಾಗಿ ಸೀಳಿತು, ಬಾಗಿಲು ಹಿಡಿದುಕೊಂಡಿತು. ದಾರ ಹಿಡಿದು ನೋಡಿದರೆ ನಡುವೆ 28 ಮಿಲಿಮೀಟರ್ ಬಾಗು! ಕಾಂಕ್ರೀಟ್ ಕೆಲಸದ ಭಾರತೀಯ ಕೋಡ್ ಐಎಸ್ 456 ಪ್ರಕಾರ ಒಟ್ಟು ಬಾಗು ಉದ್ದದ 250ರಲ್ಲಿ ಒಂದು ಭಾಗ ಮೀರಬಾರದು, ಅಂದರೆ 24. ರಿಪೇರಿಗೆ ನನ್ನ ಕೈಯಿಂದ ಅರವತ್ತು ಸಾವಿರದ ಮೇಲೆ ಹೋಯಿತು.

ಬೀಮ್ ಮುರಿಯುವ ಸ್ಥಿತಿಯಲ್ಲಿ ಇರಲಿಲ್ಲ. ಹಸಿ ಕಾಂಕ್ರೀಟ್ ಮೇಲೆ ಭಾರ ಬಿದ್ದರೆ ಅದು ವರ್ಷಗಟ್ಟಲೆ ನಿಧಾನವಾಗಿ ಬಾಗುತ್ತಾ ಹೋಗುತ್ತದೆ, ಇದೇ ಕ್ರೀಪ್. ಭಾರ ಬಿದ್ದ ಕೂಡಲೇ ಆಗುವ ಬದಲಾವಣೆಯ ಎಷ್ಟು ಪಟ್ಟು ಆಮೇಲೆ ನಿಧಾನವಾಗಿ ಸೇರುತ್ತದೆ ಅನ್ನುವುದೇ ಕ್ರೀಪ್ ಗುಣಾಂಕ. ಏಳನೇ ದಿನ ಭಾರ ಹೊತ್ತರೆ ಕೋಡ್‌ನಲ್ಲಿ ಅದು 2.2, 28ನೇ ದಿನವಾದರೆ 1.6. ಇದರ ಜೊತೆ ಒಣಗುವಾಗ ಕುಗ್ಗುವಿಕೆ. ಕೆಳಗೆ ಸರಳು ಜಾಸ್ತಿ ಇರುವುದರಿಂದ ಅಲ್ಲಿ ಕಾಂಕ್ರೀಟ್ ಸುಲಭವಾಗಿ ಕುಗ್ಗಲಾರದು. ಮೇಲೆ ಸರಳು ಕಮ್ಮಿ, ಹೆಚ್ಚು ಕುಗ್ಗುತ್ತದೆ. ಹಾಗಾಗಿ ಬೀಮ್ ಇನ್ನಷ್ಟು ಕೆಳಕ್ಕೆ ಬಾಗುತ್ತದೆ.

ಹುಬ್ಬಳ್ಳಿಯಲ್ಲಿ ಅದೇ ಉದ್ದದ ಬೀಮ್ ಬಂದಾಗ ಆಳ 18 ಇಂಚು ಮಾಡಿದೆ. ಮೇಲೆ ಎರಡು 12ರ ಬದಲು ಮೂರು 16 ಎಂಎಂ ಸರಳು ಪೂರ್ತಿ ಉದ್ದಕ್ಕೆ ಹಾಕಿಸಿದೆ. ಹೆಚ್ಚಾದ ಕಬ್ಬಿಣ ಸುಮಾರು 18 ಕೆಜಿ, ಸಾವಿರದ ಆಸುಪಾಸು ಖರ್ಚು. ಮೇಲಿನ ಸರಳು ಕ್ರೀಪ್ ಮತ್ತು ಕುಗ್ಗುವಿಕೆ ಎರಡರಿಂದಾಗುವ ಬಾಗನ್ನೂ ಕಮ್ಮಿ ಮಾಡುತ್ತದೆ. ಆಸರೆ ಕಂಬ ಪೂರ್ತಿ 28 ದಿನ. ಇದಕ್ಕೇ ಜಗಳ.

“ಸಾಹೇಬ್ರ, ಕೋಡ್‌ನ್ಯಾಗ 14 ದಿನ ಸಾಕು ಅಂತಾರಲ್ರಿ, ಬಾಡಿಗಿ ಸುಮ್ನ ಯಾಕ ಕೊಡ್ತೀರಿ?” ಅಂದ ಗೌಂಡಿ. ಆ 14 ದಿನ ಬೀಮ್ ಬೀಳದಿರಲಿ ಅನ್ನುವುದಕ್ಕೆ, ಬಾಗು ಕಮ್ಮಿಯಾಗಲಿ ಅನ್ನುವುದಕ್ಕಲ್ಲ. ಹೆಚ್ಚುವರಿ ಬಾಡಿಗೆ ಸುಮಾರು 9 ಸಾವಿರ, ಮಾಲಕರಿಗೂ ಅದು ದಂಡ ಅನಿಸಿತ್ತು.

ನಂಬಲಿ ಅಂತ ಎರಡು ಸಣ್ಣ ತೊಲೆ ಎರಕ ಹಾಕಿಸಿದೆ. ಒಂದಕ್ಕೆ ಏಳನೇ ದಿನ, ಇನ್ನೊಂದಕ್ಕೆ 28ನೇ ದಿನ ಅಷ್ಟೇ ಜಲ್ಲಿ ಚೀಲ ಹೇರಿ ಬಾಗು ಅಳೆಯುವ ಡಯಲ್ ಗೇಜ್ ಇಟ್ಟೆ. ಭಾರ ಹೇರಿದ ಮೂರು ತಿಂಗಳಿಗೆ ಮೊದಲನೆಯದರ ನಿಧಾನದ ಬಾಗು ಎರಡನೆಯದರ ಒಂದೂವರೆ ಪಟ್ಟು. ಎರಡೇ ತುಂಡು, ಆದರೂ ಗೌಂಡಿ ಸುಮ್ಮನಾದ.

ಬೀಮ್ ಮೊದಲು ಒಂದಷ್ಟು ಬಾಗಿಕೊಳ್ಳಲಿ ಅಂತ ಅದರ ಮೇಲಿನ ಗೋಡೆಯನ್ನು ಇನ್ನೂ ಎರಡು ತಿಂಗಳು ತಡೆದು ಕಟ್ಟಿಸಿದೆ. ಗೋಡೆಯ ತುದಿಯನ್ನು ಅದರ ಮೇಲಿರುವ ಬೀಮ್ ಅಡಿಗೆ ಬಿಗಿಯಾಗಿ ಮುಟ್ಟಿಸದೆ ಸಂದಿ ಬಿಟ್ಟೆ. ಆ ಸಂದಿಗೆ ಏನು ತುಂಬಿದೆ ಅನ್ನೋದು ನನ್ನ ಹತ್ತಿರವೇ ಇರಲಿ.

ಆಸರೆ ಕಂಬ ತೆಗೆದ ದಿನ ಬಾಗು 5 ಮಿಲಿಮೀಟರ್ ಇತ್ತು. ಮೂರು ವರ್ಷದ ಮೇಲೆ ಹೋಗಿ ಅಳೆದೆ, 12ರ ಹತ್ತಿರ. ಗೋಡೆಯಲ್ಲಿ ಕೂದಲಷ್ಟೂ ಬಿರುಕಿಲ್ಲ. ಅದೇ ಗೌಂಡಿ ಈಗ ಧಾರವಾಡದ ಕೆಲಸದಲ್ಲಿ ತಾನಾಗಿಯೇ ನಾಲ್ಕು ವಾರ ಆಸರೆ ಕಂಬ ಬಿಡುತ್ತಿದ್ದಾನೆ.